ಆಫೀಸಿನಲ್ಲಿ ಮೊದಲು ಯಾರಿಗೆ ಹೇಳುವುದು?

ಮೂವತ್ತು ದಾಟಿದ ಗಂಡಸೊಬ್ಬ ಮದುವೆಯಾಗದೆ ಇದ್ದರೆ, ಹಳೇ ಮಾದರಿಯ ಕಚೇರಿಯಲ್ಲಿ ಅದು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ಮ್ಯಾನೇಜರು ತಮ್ಮ ಕಡೆಯ ಹುಡುಗಿಯ ಜಾತಕ ತರುತ್ತಾರೆ. ಕ್ಯಾಷಿಯರು ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. "ಊಟ ಯಾವಾಗ ಹಾಕಿಸ್ತೀರಿ ಸರ್" ಎಂದು ಅಟೆಂಡರ್ ಕೂಡ ಕೇಳುತ್ತಾನೆ. ಕೇಳುವವರಲ್ಲಿ ಹೆಚ್ಚಿನವರದು ಪ್ರೀತಿಯೇ. ಆದರೆ ಆ ಗಂಡಸು ಸಲಿಂಗಿಯಾಗಿದ್ದರೆ ಈ ಪ್ರೀತಿಯ ಪ್ರಶ್ನೆಗೆ ದಿನಾ ಒಂದು ಉತ್ತರ ಹುಡುಕುವುದೇ ಅವನಿಗೆ ಕೆಲಸಕ್ಕಿಂತ ದೊಡ್ಡ ಕೆಲಸವಾಗುತ್ತದೆ. ಹೇಳಿಬಿಡಲೇ? ಹೇಳುವುದಾದರೆ ಯಾವಾಗ? ಮೊದಲು ಯಾರಿಗೆ?

ಈ ಪ್ರಶ್ನೆಗಳಿಗೆ ದೊಡ್ಡ ಕಂಪನಿಗಳಲ್ಲಿ ಸಿದ್ಧ ದಾರಿಗಳು ಒಂದಿಷ್ಟು ಇವೆ. ಟಾಟಾ ಸ್ಟೀಲ್ 2019ರಲ್ಲಿ, ಆಕ್ಸಿಸ್ ಬ್ಯಾಂಕ್ 2021ರಲ್ಲಿ ತಮ್ಮ ನೌಕರರ ಸಲಿಂಗಿ ಸಂಗಾತಿಗಳನ್ನೂ ಗಣನೆಗೆ ತೆಗೆದುಕೊಳ್ಳುವ ನೀತಿಗಳನ್ನು ಪ್ರಕಟಿಸಿದವು. ಬೆಂಗಳೂರಿನ ಹಲವು ಐಟಿ ಕಂಪನಿಗಳಲ್ಲಿ ಇಂಥ ನೌಕರರದೇ ಗುಂಪುಗಳಿವೆ. ನಮ್ಮ ಬಹುಪಾಲು ಜನ ಕೆಲಸ ಮಾಡುವುದು ಅಂಥ ಕಡೆಯಲ್ಲ. ಸಹಕಾರಿ ಬ್ಯಾಂಕು, ತಾಲ್ಲೂಕು ಕಚೇರಿ, ಟ್ರಸ್ಟಿನ ಕಾಲೇಜು, ಮೂರು ತಲೆಮಾರಿನ ಮಂಡಿ ವ್ಯಾಪಾರ, ಆಡಿಟರ ಆಫೀಸು, ಇವು ನಮ್ಮ ಕೆಲಸದ ಜಾಗಗಳು. ಅಲ್ಲಿ ನೀತಿಯ ಪುಸ್ತಕವಿಲ್ಲ, ಮನುಷ್ಯರಿದ್ದಾರೆ. ಅವರಲ್ಲಿ ಅರ್ಧದಷ್ಟು ಜನಕ್ಕೆ ನಮ್ಮ ಅಪ್ಪ ಅಮ್ಮನ ಪರಿಚಯವೂ ಇರುತ್ತದೆ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ದಾವಣಗೆರೆ, ಹಾವೇರಿ, ಹಾಸನದಂಥ ಯಾವುದಾದರೂ ಊರು ಎಂದಿಟ್ಟುಕೊಳ್ಳಿ. ಪಟ್ಟಣ ಸಹಕಾರಿ ಬ್ಯಾಂಕೊಂದರ ಮುಖ್ಯ ಕಚೇರಿಯ ಸಾಲ ವಿಭಾಗದಲ್ಲಿ 33 ವರ್ಷದ ಒಬ್ಬ ನೌಕರ. ಒಂಬತ್ತು ವರ್ಷದ ಸೇವೆ, ಶುದ್ಧ ದಾಖಲೆ. ಮನೆಯಲ್ಲಿ ಅಪ್ಪ, ಅಮ್ಮ, ಮದುವೆಗೆ ಬಂದ ತಂಗಿ. ಪಕ್ಕದ ಜಿಲ್ಲೆಯಲ್ಲಿ ಔಷಧ ಕಂಪನಿಯ ಪ್ರತಿನಿಧಿಯಾಗಿರುವ ಗೆಳೆಯನ ಜೊತೆ ನಾಲ್ಕು ವರ್ಷದ ಸಂಬಂಧ. ಮನೆಯಲ್ಲೂ ಗೊತ್ತಿಲ್ಲ, ಆಫೀಸಿನಲ್ಲೂ ಗೊತ್ತಿಲ್ಲ. ಈಗ ಬ್ಯಾಂಕಿನ ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು ತಮ್ಮ ಅಣ್ಣನ ಮಗಳ ಸಂಬಂಧ ತಂದಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಸಹಕಾರಿ ಬ್ಯಾಂಕಿನಲ್ಲಿ ಬಡ್ತಿ, ವರ್ಗಾವಣೆ ಎಲ್ಲವೂ ಆಡಳಿತ ಮಂಡಳಿಯ ಕೈಯಲ್ಲಿರುತ್ತವೆ. ಕಾರಣ ಹೇಳದೆ ಬೇಡವೆಂದರೆ ಅವರಿಗೆ ಅವಮಾನ. ಕಾರಣ ಹೇಳಿದರೆ ಮುಂದೇನಾಗುತ್ತದೋ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಅವನಿಗೆ ಕಾನೂನು ಎಷ್ಟು ಆಸರೆ ಕೊಡುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಈ ವಿಷಯದಲ್ಲಿ ಅತಿಯಾದ ಭಯ ಇರುವಂತೆ ಅತಿಯಾದ ಭರವಸೆಯೂ ಇದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಯಸ್ಕರ ನಡುವಿನ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಅಲ್ಲಿಗೆ ಇತ್ಯರ್ಥವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 377ನೇ ಕಲಮೇ ಇಲ್ಲ. ಆದ್ದರಿಂದ "ಪೊಲೀಸರಿಗೆ ಹೇಳ್ತೀನಿ" ಎಂದು ಯಾರಾದರೂ ಹೆದರಿಸಿದರೆ ಆ ಬೆದರಿಕೆಯಲ್ಲಿ ಹುರುಳಿಲ್ಲ.

ಆದರೆ ಕೆಲಸದ ರಕ್ಷಣೆ ಬೇರೆಯೇ ಮಾತು. ಸರ್ಕಾರಿ ನೌಕರನಿಗೆ ಸಂವಿಧಾನದ ಸಮಾನತೆಯ ಹಕ್ಕು ನೇರವಾಗಿ ಸಿಗುತ್ತದೆ. ಉತ್ತರ ಪ್ರದೇಶದಲ್ಲಿ ಒಬ್ಬ ಹೋಂಗಾರ್ಡನ ಖಾಸಗಿ ವಿಡಿಯೊ ಹೊರಬಂತೆಂದು 2019ರಲ್ಲಿ ಅವರನ್ನು ಕೆಲಸದಿಂದ ತೆಗೆದರು. 2021ರ ಫೆಬ್ರುವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿ, ಕೆಲಸಕ್ಕೆ ಮರಳಿ ಸೇರಿಸಿಕೊಳ್ಳುವಂತೆ ಹೇಳಿತು. ಗೆದ್ದರು, ನಿಜ. ಆದರೆ ಗೆಲ್ಲುವವರೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಖಾಸಗಿ ಸಂಸ್ಥೆಗಳ ನೌಕರರಿಗೆ ಅಷ್ಟೂ ನೇರವಾದ ದಾರಿಯಿಲ್ಲ. ಸಲಿಂಗಿ ಎಂಬ ಕಾರಣಕ್ಕೆ ಖಾಸಗಿ ಮಾಲೀಕ ಭೇದ ಮಾಡಬಾರದು ಎಂದು ಹೆಸರಿಟ್ಟು ಹೇಳುವ ಕಾಯ್ದೆ ನಮ್ಮಲ್ಲಿ ಇಲ್ಲ. ನಮ್ಮ ಉದಾಹರಣೆಯ ನೌಕರನಿಗೆ ಅನ್ಯಾಯವಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ವ್ಯಾಜ್ಯ ಹೂಡಬಹುದು. ಆದರೆ ಅಲ್ಲಿ ಅವನು ವಾದಿಸಬೇಕಾಗುವುದು ತೆಗೆದುಹಾಕಿದ ಕ್ರಮ ಸರಿಯೇ ತಪ್ಪೇ ಎಂಬುದರ ಬಗ್ಗೆ. ಏಕೆಂದರೆ "ಸಲಿಂಗಿ ಎಂದು ತೆಗೆದಿದ್ದೇವೆ" ಎಂದು ಯಾವ ಬ್ಯಾಂಕೂ ಕಾಗದದ ಮೇಲೆ ಬರೆಯುವುದಿಲ್ಲ. ತಡವಾಗಿ ಬಂದದ್ದು, ಗ್ರಾಹಕರೊಂದಿಗೆ ಒರಟುತನ, ಕ್ಯಾಷಿನಲ್ಲಿ ವ್ಯತ್ಯಾಸ, ಹೀಗೆ ಕಾರಣ ಬೇರೆ ಬರೆಯುತ್ತಾರೆ.

ಹಾಗಾಗಿ ಸುರಕ್ಷತೆಯ ಲೆಕ್ಕವನ್ನು ಹೇಳುವ ಮೊದಲೇ, ಕೈಯಲ್ಲಿರುವ ಕಾಗದದಿಂದ ಶುರುಮಾಡಬೇಕು. ನೇಮಕಾತಿ ಆದೇಶ, ಸೇವೆ ಕಾಯಂ ಆದ ಆದೇಶ, ಕಳೆದ ವರ್ಷಗಳ ಮೌಲ್ಯಮಾಪನ, ಮೆಚ್ಚುಗೆ ಪತ್ರ, ರಜೆಯ ದಾಖಲೆ, ಸಂಬಳದ ಚೀಟಿ, ಇವೆಲ್ಲದರ ಒಂದೊಂದು ಪ್ರತಿ ಆಫೀಸಿನ ಹೊರಗೆ ಇರಬೇಕು. ಮನೆಯಲ್ಲೂ ಗೊತ್ತಿಲ್ಲದಿದ್ದರೆ ಮನೆಯ ಹೊರಗೂ ಒಂದು ಪ್ರತಿ ಬೇಕು. ಮುಂದೆ ಮೆಮೊ ಬಂದ ದಿನ ಒಂಬತ್ತು ವರ್ಷದ ಶುದ್ಧ ದಾಖಲೆಯೇ ನೌಕರನ ಪರವಾಗಿ ಮಾತಾಡುವುದು. ಆ ದಾಖಲೆ ಸಿಬ್ಬಂದಿ ವಿಭಾಗದ ಬೀರುವಿನಲ್ಲಿ ಮಾತ್ರ ಇದ್ದರೆ ಆ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ.

ಬ್ಯಾಂಕ್ ನೌಕರರು ಮರೆಯುವ ಇನ್ನೊಂದು ವಿಷಯವಿದೆ, ಸಿಬ್ಬಂದಿ ಸಾಲ. ಮನೆ ಕಟ್ಟಲು ಕಡಿಮೆ ಬಡ್ಡಿಗೆ ಸಿಕ್ಕ ಆ ಸಾಲ ಕೆಲಸದಲ್ಲಿ ಇರುವವರೆಗೆ ಮಾತ್ರ ಕಡಿಮೆ ಬಡ್ಡಿಯದು. ಕೆಲಸ ಬಿಟ್ಟರೆ ಸಾಮಾನ್ಯವಾಗಿ ಉಳಿದ ಬಾಕಿಯನ್ನು ಕಟ್ಟಬೇಕು, ಇಲ್ಲವೇ ಹೊರಗಿನ ಗ್ರಾಹಕರ ಬಡ್ಡಿ ದರಕ್ಕೆ ಬದಲಾಯಿಸಿಕೊಳ್ಳಬೇಕು. ತಂಗಿಯ ಮದುವೆಗೆಂದು ಹೊಸದಾಗಿ ಸಿಬ್ಬಂದಿ ಸಾಲ ತೆಗೆದುಕೊಂಡ ತಿಂಗಳಲ್ಲೇ ತನ್ನ ವಿಷಯ ಹೇಳಿಕೊಳ್ಳುವುದೆಂದರೆ, ಹೊರಗೆ ಹೋಗುವ ಬಾಗಿಲಿಗೆ ತಾನೇ ಬೀಗ ಹಾಕಿಕೊಂಡಂತೆ. ಆರು ತಿಂಗಳ ಖರ್ಚಿನಷ್ಟು ಹಣ ಬೇರೆ ಬ್ಯಾಂಕಿನಲ್ಲಿರಲಿ. ಬೇರೆ ಬ್ಯಾಂಕಿನಲ್ಲಿ ಏಕೆಂದರೆ, ಕೆಲಸ ಮಾಡುವ ಬ್ಯಾಂಕಿನಲ್ಲಿ ನಮ್ಮ ಖಾತೆಯನ್ನು ಪಕ್ಕದ ಕೌಂಟರಿನವರು ನೋಡಬಲ್ಲರು.

ವಾಸದ ಜಾಗವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ರಾಮಚಂದ್ರ ಸಿರಸ್ ಅವರ ಪ್ರಕರಣ ಹಲವರಿಗೆ 2016ರ 'ಅಲಿಗಢ' ಸಿನಿಮಾದಿಂದ ಗೊತ್ತಿರಬಹುದು. 2010ರ ಫೆಬ್ರುವರಿಯಲ್ಲಿ ಅವರು ವಾಸವಿದ್ದ ವಿಶ್ವವಿದ್ಯಾಲಯದ ವಸತಿಗೆ ಹೊರಗಿನವರು ನುಗ್ಗಿ ವಿಡಿಯೊ ಮಾಡಿದರು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು, ವಸತಿ ಬಿಡಲು ಹೇಳಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ತಮ್ಮ ಬಾಡಿಗೆ ಮನೆಯಲ್ಲಿ ಶವವಾಗಿ ಸಿಕ್ಕರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಅವರು ಯಾರಿಗೂ ಏನನ್ನೂ ಹೇಳಲು ಹೊರಟಿರಲಿಲ್ಲ, ಬೇರೆಯವರೇ ಅವರ ಬದುಕನ್ನು ಹೊರಗೆಳೆದು ಹಾಕಿದರು. ಕೆಲಸ ಕೊಟ್ಟವರೇ ಮನೆಯನ್ನೂ ಕೊಟ್ಟಿದ್ದರೆ, ಕೆಲಸಕ್ಕೆ ಕುತ್ತು ಬಂದ ದಿನವೇ ತಲೆ ಮೇಲಿನ ಸೂರಿಗೂ ಕುತ್ತು ಬರುತ್ತದೆ. ಕ್ವಾರ್ಟರ್ಸಿನಲ್ಲಿರುವವರು, ಸಹೋದ್ಯೋಗಿಯ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರು ಇದನ್ನು ಮೊದಲು ಯೋಚಿಸಬೇಕು.

ಇನ್ನು ಸಮಯ. ಪ್ರೊಬೇಷನ್ ಅವಧಿಯಲ್ಲಿ ಹೇಳಬಾರದು ಎನ್ನುವುದು ಬಹುತೇಕರಿಗೆ ಗೊತ್ತು. ರಾಜ್ಯ ಸರ್ಕಾರಿ ನೌಕರರಿಗೆ ಅದು ಕನಿಷ್ಠ ಎರಡು ವರ್ಷ, ಖಾಸಗಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇಲ್ಲವೇ ಒಂದು ವರ್ಷ. ಆ ಅವಧಿಯಲ್ಲಿ "ಸೇವೆ ತೃಪ್ತಿಕರವಾಗಿಲ್ಲ" ಎಂಬ ಒಂದು ಸಾಲು ಬರೆದು ಕಳಿಸಿಬಿಡಬಹುದು. ಕಾಯಂ ಆದ ಮೇಲೂ ಕೆಲವು ತಿಂಗಳುಗಳು ಒಳ್ಳೆಯವಲ್ಲ. ಬಡ್ತಿಯ ಪಟ್ಟಿ ಸಿದ್ಧವಾಗುವ ಹೊತ್ತು, ವರ್ಗಾವಣೆಯ ಕಾಲ, ಸಹಕಾರಿ ಸಂಸ್ಥೆಯಾದರೆ ಆಡಳಿತ ಮಂಡಳಿಯ ಚುನಾವಣೆಯ ಆಸುಪಾಸು ಬೇಡ. ಚುನಾವಣೆಯ ಹೊತ್ತಿನಲ್ಲಿ ನೌಕರರ ಖಾಸಗಿ ವಿಷಯಗಳೂ ಎರಡು ಬಣಗಳ ಬಾಯಿಗೆ ಬೀಳುತ್ತವೆ.

ಆದರೆ ನಮ್ಮ ಊರುಗಳಲ್ಲಿ ಸಮಯವನ್ನು ನಿರ್ಧರಿಸುವುದು ಬರೀ ಆಫೀಸಿನ ಕ್ಯಾಲೆಂಡರ್ ಅಲ್ಲ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಹೇಳಿದ ಮಾತು ಆ ಕಟ್ಟಡದ ಒಳಗೇ ಉಳಿಯಬಹುದು. ಜಿಲ್ಲಾ ಕೇಂದ್ರದ ಸಹಕಾರಿ ಬ್ಯಾಂಕಿನಲ್ಲಿ ಹಾಗಲ್ಲ. ಅಲ್ಲಿನ ಅಕೌಂಟೆಂಟರ ಹೆಂಡತಿಯೂ ಇವನ ಅಮ್ಮನೂ ಒಂದೇ ಸ್ವಸಹಾಯ ಸಂಘದಲ್ಲಿರುತ್ತಾರೆ. ನಿರ್ದೇಶಕರು ಅಪ್ಪನ ಜೊತೆ ಒಂದೇ ಬೀದಿಯಲ್ಲಿ ಬೆಳೆದವರು. ಆಫೀಸಿನಲ್ಲಿ ಮೂರನೆಯವರಿಗೆ ಗೊತ್ತಾದರೆ ಮನೆಗೆ ತಲುಪುವುದು ಖಂಡಿತ ಎಂದೇ ಲೆಕ್ಕ ಹಾಕಬೇಕು. ಹಾಗಾಗಿ "ಆಫೀಸಿನಲ್ಲಿ ಹೇಳಲೇ" ಎಂದು ಕೇಳಿಕೊಳ್ಳುವವರು, "ಈ ವಿಷಯ ಮುಂದಿನ ತಿಂಗಳು ಅಮ್ಮನ ಕಿವಿಗೆ ಬಿದ್ದರೆ ನಾನು ತಡೆದುಕೊಳ್ಳಬಲ್ಲೆನೇ" ಎಂದೂ ಕೇಳಿಕೊಳ್ಳಬೇಕು. ಇಲ್ಲ ಎಂಬ ಉತ್ತರ ಬಂದರೆ ಮನೆ ಮೊದಲು, ಆಫೀಸು ಆಮೇಲೆ. ಅಮ್ಮನಿಗೆ ಮಗನ ಬಾಯಿಂದ ಕೇಳುವುದಕ್ಕೂ ಸಂಘದ ಸಭೆಯಲ್ಲಿ ಇನ್ನೊಬ್ಬರ ಬಾಯಿಂದ ಕೇಳುವುದಕ್ಕೂ ತುಂಬ ವ್ಯತ್ಯಾಸವಿದೆ.

ತಂಗಿಯ ಮದುವೆಯೂ ಹೀಗೆಯೇ. ಅಣ್ಣನ ವಿಷಯ ಗೊತ್ತಾದರೆ ತಂಗಿಗೆ ಗಂಡು ಸಿಗುವುದಿಲ್ಲ ಎಂಬ ಭಯ ಮನೆಗಳಲ್ಲಿ ನಿಜವಾಗಿಯೂ ಇದೆ. ಈ ಕಾರಣಕ್ಕೆ ಎಷ್ಟೋ ಮಂದಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಅದನ್ನು ಹೇಡಿತನ ಎನ್ನಲು ನಾನು ಸಿದ್ಧನಿಲ್ಲ. ಆದರೆ ತಂಗಿಗೇ ಹೇಳಿ, ಅವಳ ಅಭಿಪ್ರಾಯ ಕೇಳಿದವರು ಎಷ್ಟು ಜನ? ಮನೆಯಲ್ಲಿ ಮೊದಲು ಹೇಳಬಹುದಾದ ವ್ಯಕ್ತಿ ಅನೇಕ ಸಲ ಅವಳೇ ಆಗಿರುತ್ತಾಳೆ. ಕಾಯುವುದೋ ಬೇಡವೋ ಎಂಬ ತೀರ್ಮಾನದಲ್ಲಿ ಅವಳಿಗೂ ಮಾತಿರಬೇಕು.

ನಿರ್ದೇಶಕರು ತಂದ ಸಂಬಂಧದ ಕಡೆಗೆ ಬರೋಣ. ಅದಕ್ಕೆ ಉತ್ತರ ಕೊಡಲು ತಾನು ಸಲಿಂಗಿ ಎಂದು ಹೇಳಲೇಬೇಕಾಗಿಲ್ಲ. ಸುಳ್ಳನ್ನೂ ಹೇಳಬೇಕಾಗಿಲ್ಲ. "ಬೇರೆ ಊರಲ್ಲಿ ಒಂದು ಹುಡುಗಿ ಇದ್ದಾಳೆ" ಎಂಬ ಸುಳ್ಳು ಆ ಕ್ಷಣಕ್ಕೆ ಅನುಕೂಲವಾಗಿ ಕಾಣುತ್ತದೆ, ಆದರೆ ಆರು ತಿಂಗಳಲ್ಲಿ ಆ ಹುಡುಗಿಯ ಹೆಸರು, ಊರು, ಜಾತಿ ಎಲ್ಲವೂ ಬೇಕಾಗುತ್ತವೆ. ಮುಂದೊಂದು ದಿನ ನಿಜ ಹೇಳಿದಾಗ ಜನ ಆಡಿಕೊಳ್ಳುವುದು ಆ ಸುಳ್ಳನ್ನೇ. ಹುಡುಗಿ ನೋಡುವ ಶಾಸ್ತ್ರಕ್ಕೆ ಹೋಗಿ, ಬಂದು ಒಪ್ಪಿಗೆಯಾಗಲಿಲ್ಲ ಎನ್ನುವುದು ಇನ್ನೂ ಕೆಟ್ಟದ್ದು. ಏನೂ ತಿಳಿಯದ ಒಬ್ಬಳನ್ನು ಅದರೊಳಗೆ ಎಳೆದಂತಾಗುತ್ತದೆ. ನಿರ್ದೇಶಕರನ್ನು ಬೇರೆಯವರ ಎದುರಿಗಲ್ಲದೆ ಒಬ್ಬರೇ ಇದ್ದಾಗ ಕಂಡು, "ಸರ್, ನಿಮ್ಮ ಮನೆ ಹುಡುಗಿನ ನನಗೆ ಕೊಡಬೇಕು ಅಂದ್ಕೊಂಡ್ರಲ್ಲ, ಅದು ದೊಡ್ಡ ಮಾತು. ನನಗೆ ಮದುವೆ ಆಗೋ ಯೋಚನೆ ಇಲ್ಲ. ಈ ಸಂಬಂಧ ಅಂತಲ್ಲ, ಯಾವ ಸಂಬಂಧನೂ ಬೇಡ. ನಿಮ್ಮನ್ನ ಕಾಯಿಸಬಾರದು ಅಂತ ಈಗಲೇ ಹೇಳ್ತಿದ್ದೀನಿ" ಎಂದರೆ ಸಾಕು. ಇದರಲ್ಲಿ ಒಂದು ಸುಳ್ಳೂ ಇಲ್ಲ. ಹುಡುಗಿಗೆ ಕೊರತೆ ಹೇಳಿದಂತೆ ಆಗುವುದಿಲ್ಲ. ಕಾರಣ ಕೇಳಿದರೆ "ವೈಯಕ್ತಿಕ ಸರ್" ಎಂದು ಅಲ್ಲಿಗೇ ನಿಲ್ಲಿಸಬಹುದು. ಇದೇ ಮಾತನ್ನು ಅಪ್ಪನ ಬಳಿಯೂ ಅದೇ ದಿನ ಹೇಳಿರಬೇಕು. ಇಲ್ಲವಾದರೆ ನಿರ್ದೇಶಕರು ಅಪ್ಪನನ್ನು ಕಂಡಾಗ ಅಪ್ಪ ಬೇರೆ ಏನೋ ಹೇಳಿಬಿಡುತ್ತಾರೆ.

ಇಷ್ಟರಿಂದ ಒಂದು ವರ್ಷದ ಉಸಿರಾಟ ಸಿಗುತ್ತದೆ. ಆ ವರ್ಷದಲ್ಲಿ ಆಫೀಸಿನ ಮೊದಲ ವ್ಯಕ್ತಿಯನ್ನು ಆರಿಸಿಕೊಳ್ಳಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಯಾರು ಅತಿ ಹತ್ತಿರದವರೋ ಅವರಿಗೇ ಹೇಳಿಬಿಡುತ್ತಾರೆ. ದಿನಾ ಜೊತೆಗೆ ಟೀ ಕುಡಿಯುವ, ಒಂದೇ ಬೈಕಿನಲ್ಲಿ ಬರುವ ಗೆಳೆಯ ಒಳ್ಳೆಯವನೇ. ಆದರೆ ಅವನು ಇವನ ಸಂಬಂಧಿಕರ ಕಡೆಯವನೇ, ಒಂದೇ ಊರಿನವನೇ, ಬಡ್ತಿಯ ಪಟ್ಟಿಯಲ್ಲಿ ಇವನ ಪಕ್ಕದಲ್ಲೇ ಇದ್ದಾನೆಯೇ ಎಂದೂ ನೋಡಬೇಕು. ಪೈಪೋಟಿಯಲ್ಲಿರುವ ಮನುಷ್ಯನ ಕೈಗೆ ಇಂಥ ವಿಷಯ ಕೊಟ್ಟರೆ ಅದು ಅವನಿಗೂ ಹೊರೆಯೇ.

ಮೊದಲ ವ್ಯಕ್ತಿಗೆ ಇವನ ಮೌಲ್ಯಮಾಪನ ಬರೆಯುವ ಅಧಿಕಾರ ಇರಬಾರದು, ಇವನ ಮನೆಯವರ ಬಳಗದಲ್ಲಿಯೂ ಇರಬಾರದು. ಸಾಧ್ಯವಾದರೆ ಆಫೀಸಿನಲ್ಲಿ ಸ್ವಲ್ಪ ಹಿರಿತನ ಇರಬೇಕು, ಮುಂದೆ ಯಾರಾದರೂ ಕೀಟಲೆ ಮಾಡಿದಾಗ "ಸಾಕು ಬಿಡ್ರೀ" ಎಂದರೆ ಜನ ಸುಮ್ಮನಾಗುವಷ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಬೇರೆಯವರ ಗುಟ್ಟನ್ನು ಈಗಾಗಲೇ ಉಳಿಸಿಕೊಂಡಿರಬೇಕು. ಇದನ್ನು ತಿಳಿಯಲು ಸುಲಭ ದಾರಿಯಿದೆ. ಆಫೀಸಿನಲ್ಲಿ ಯಾರದೋ ವಿಚ್ಛೇದನ, ಯಾರದೋ ಕಾಯಿಲೆ, ಯಾರದೋ ಮಗ ಸಾಲ ಮಾಡಿ ಓಡಿಹೋದದ್ದು ಅವರಿಗೆ ಮೊದಲೇ ಗೊತ್ತಿತ್ತು, ಆದರೂ ಅವರ ಬಾಯಿಂದ ನಾವು ಕೇಳಲಿಲ್ಲ ಎಂದಾದರೆ ಅದು ಒಳ್ಳೆಯ ಗುರುತು. ಇನ್ನೊಬ್ಬರ ಗುಟ್ಟನ್ನು ನಮಗೆ ಬಂದು ಹೇಳುವವರು ನಮ್ಮದನ್ನೂ ಇನ್ನೊಬ್ಬರಿಗೆ ಹೇಳುತ್ತಾರೆ, ಎಷ್ಟೇ ಪ್ರೀತಿ ಇರಲಿ.

ಮನಸ್ಸು ಎತ್ತ ಇದೆ ಎಂದು ತಿಳಿಯಲು ವಸುಧೇಂದ್ರರ 'ಮೋಹನಸ್ವಾಮಿ'ಯ ಪ್ರಸ್ತಾಪ ತರಬಹುದು. 2013ರಲ್ಲಿ ಬಂದ ಆ ಕಥಾಸಂಕಲನದ ನಾಯಕ ಸಲಿಂಗಿ. ಲೇಖಕರು ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ಪುಸ್ತಕ ಓದುವ ಬಳಗದಲ್ಲಿ ಅದರ ಮಾತು ಸಹಜವಾಗಿ ಬರುತ್ತದೆ. ಆದರೆ ಪುಸ್ತಕದ ಬಗ್ಗೆ ಆಡುವ ಮಾತಿಗಿಂತ ಕೌಂಟರಿನ ನಡತೆ ಹೆಚ್ಚು ಹೇಳುತ್ತದೆ. ಖಾತೆ ತೆರೆಯಲು ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ಬ್ಯಾಂಕಿಗೆ ಬರುತ್ತಾರೆ ಎಂದುಕೊಳ್ಳಿ. ಅವರ ಎದುರಿಗೆ ಎಲ್ಲರೂ ಸಭ್ಯರಾಗಿರುತ್ತಾರೆ. ಅವರು ಮೆಟ್ಟಿಲು ಇಳಿದು ಹೋದ ಮೇಲೆ ಯಾರು ನಗುತ್ತಾರೆ, ಯಾರು ನಗದೆ ಮುಂದಿನ ಟೋಕನ್ ಕರೆಯುತ್ತಾರೆ? ನಗದೇ ಇದ್ದವರ ಹೆಸರನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು.

ನಮ್ಮ ನೌಕರ ಹೀಗೆ ನೋಡುತ್ತ ಹೋಗಿ ಆಂತರಿಕ ಲೆಕ್ಕಪರಿಶೋಧನೆಯ ಹಿರಿಯ ಮಹಿಳೆಯೊಬ್ಬರ ಬಳಿ ಬಂದು ನಿಲ್ಲುತ್ತಾನೆ. ಬೇರೆ ಜಿಲ್ಲೆಯವರು, ಬೇರೆ ವಿಭಾಗ, ನಿವೃತ್ತಿಗೆ ನಾಲ್ಕು ವರ್ಷ. ಹೇಳುವ ಜಾಗ ಆಫೀಸಾಗಬಾರದು, ಪಾರ್ಟಿಯೂ ಆಗಬಾರದು. ವಾಟ್ಸಾಪಿನಲ್ಲಿ ಬರೆದು ಕಳಿಸುವುದಂತೂ ಬೇಡವೇ ಬೇಡ. ಬರೆದದ್ದರ ಸ್ಕ್ರೀನ್‌ಶಾಟ್ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆಡಿದ ಮಾತು ಹಾಗೆ ಹೋಗುವುದಿಲ್ಲ. ಶಾಖೆಯ ತಪಾಸಣೆ ಮುಗಿಸಿ ಬಸ್ ನಿಲ್ದಾಣದವರೆಗೆ ನಡೆಯುವ ಹಾದಿ ಒಳ್ಳೆಯದು. ಅಕ್ಕಪಕ್ಕ ನಡೆಯುವಾಗ ಮುಖ ನೋಡಿಕೊಂಡು ಹೇಳಬೇಕಾಗಿಲ್ಲ, ಕೇಳಿದವರಿಗೂ ಒಂದು ನಿಮಿಷ ಸುಮ್ಮನಿರಲು ಅವಕಾಶವಿರುತ್ತದೆ.

"ಮೇಡಂ, ಎಲ್ಲರೂ ಮದುವೆ ಮದುವೆ ಅಂತಾರಲ್ಲ, ನಾನು ಬೇಡ ಅನ್ನೋದಕ್ಕೆ ಕಾರಣ ಇದೆ. ನಾನು ಗೇ. ನನಗೆ ಒಬ್ಬರು ಜೊತೆಗಾರರಿದ್ದಾರೆ, ನಾಲ್ಕು ವರ್ಷ ಆಯ್ತು."

"ನಿಮ್ಮ ಅಮ್ಮನಿಗೆ ಗೊತ್ತೇನಪ್ಪ?"

ನಮ್ಮಲ್ಲಿ ಬಹುತೇಕ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿದ್ಧವಿರಬೇಕು. ಏಕೆಂದರೆ ಕೇಳಿದವರು ಮುಂದೆ ಎಷ್ಟು ಜೋಪಾನವಾಗಿರಬೇಕು ಎಂಬುದು ಈ ಉತ್ತರದಿಂದಲೇ ಅವರಿಗೆ ತಿಳಿಯುತ್ತದೆ.

"ಇಲ್ಲ ಮೇಡಂ. ತಂಗಿಗೆ ಮಾತ್ರ ಗೊತ್ತು. ಅಪ್ಪ ಅಮ್ಮನಿಗೆ ನಾನೇ ಹೇಳ್ತೀನಿ. ಅಲ್ಲಿವರೆಗೂ ಇದು ನಿಮ್ಮಲ್ಲೇ ಇರಲಿ. ನಿಮ್ಮ ಯಜಮಾನರಿಗೂ ಬೇಡ, ದಯವಿಟ್ಟು ತಪ್ಪು ತಿಳ್ಕೋಬೇಡಿ."

ಕೊನೆಯ ವಾಕ್ಯವನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಬಿಡಬಾರದು. "ಯಾರಿಗೂ ಹೇಳಬೇಡಿ" ಎಂದರೆ ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಆ 'ಯಾರಿಗೂ' ಒಳಗೆ ಸೇರುವುದಿಲ್ಲ. ಬಾಯಿಬಿಟ್ಟು ಹೇಳಿದರೆ ಮಾತ್ರ ಸೇರುತ್ತಾರೆ. ಇನ್ನೊಂದು ಮಾತನ್ನೂ ಆಗಲೇ ಹೇಳಿಬಿಡಬೇಕು, ಅವರಿಂದ ಏನು ಬೇಕು ಎಂಬುದನ್ನು. ಏನೂ ಬೇಡ, ಒಬ್ಬರಿಗಾದರೂ ಗೊತ್ತಿರಲಿ ಎಂದು ಹೇಳಿದೆ ಎಂದರೂ ಆಯಿತು. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನವರು ಸಹಾಯ ಮಾಡುವ ಆತುರದಲ್ಲಿ ಡಾಕ್ಟರನ್ನೋ ಜ್ಯೋತಿಷಿಯನ್ನೋ ಹುಡುಕಲು ಹೊರಡುತ್ತಾರೆ. ಡಾಕ್ಟರ ಮಾತು ಬಂದರೆ, ಸಲಿಂಗಿಗಳನ್ನು 'ಸರಿಮಾಡುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ ಎನ್ನಬಹುದು. ನಮ್ಮ ಹಿರಿಯರಿಗೆ ಕೋರ್ಟಿನ ಮಾತಿಗಿಂತ ಡಾಕ್ಟರ ಮಾತು ಬೇಗ ಹಿಡಿಸುತ್ತದೆ.

ಹೇಳಿದ ಮೇಲೆ ಎರಡು ಮೂರು ತಿಂಗಳು ಸುಮ್ಮನಿರಬೇಕು. ಮೊದಲನೆಯವರಿಗೆ ಹೇಳಿ ಹಗುರಾದ ಖುಷಿಯಲ್ಲಿ ಅದೇ ವಾರ ಇನ್ನೂ ನಾಲ್ವರಿಗೆ ಹೇಳಿಬಿಡುವವರಿದ್ದಾರೆ. ಆಮೇಲೆ ಸುದ್ದಿ ಹೊರಬಿದ್ದರೆ ಯಾರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ಒಬ್ಬರಿಗೆ ಮಾತ್ರ ಹೇಳಿ ಕಾದರೆ, ಅವರನ್ನು ನಂಬಬಹುದೇ ಎಂಬುದು ತಿಳಿಯುತ್ತದೆ, ಎರಡನೆಯವರು ಯಾರು ಎನ್ನುವುದಕ್ಕೂ ಅವರೇ ಸಲಹೆ ಕೊಡಬಲ್ಲರು. ಮೇಲಧಿಕಾರಿಗೆ ಹೇಳುವ ಸರದಿ ಬರುವುದು ಇದರ ನಂತರ, ಅದೂ ಹೇಳುವುದರಿಂದ ಏನಾದರೂ ಉಪಯೋಗವಿದ್ದರೆ. ಜೊತೆಗಾರನ ಆಪರೇಷನ್ನಿಗೆ ರಜೆ ಬೇಕು, ಅವನಿರುವ ಊರಿನ ಶಾಖೆಗೆ ವರ್ಗಾವಣೆ ಬೇಕು, ಇಂಥ ಕಾರಣವಿದ್ದಾಗ ಹೇಳುವುದಕ್ಕೆ ಅರ್ಥವಿದೆ.

ಸುದ್ದಿ ಹರಡಿದೆಯೇ ಎಂದು ತಿಳಿಯುವುದು ಹೇಗೆ? ಬೈಗುಳ ಕೇಳಿಬರುವುದು ಅಪರೂಪ. ಮದುವೆಯ ಪ್ರಶ್ನೆ ಏಕಾಏಕಿ ನಿಂತುಹೋಗುತ್ತದೆ. ಊಟದ ಟೇಬಲ್ಲಿನಲ್ಲಿ ಪಕ್ಕದ ಕುರ್ಚಿ ಖಾಲಿ ಉಳಿಯುತ್ತದೆ. ಗ್ರಾಹಕರು ಬರುವ ಕೌಂಟರಿನಿಂದ ಒಳಗಿನ ಕೋಣೆಗೆ ಹಾಕುತ್ತಾರೆ, ತರಬೇತಿಯ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ, ಒಂಬತ್ತು ವರ್ಷ ಬಾರದ ಮೆಮೊ ಹತ್ತು ನಿಮಿಷ ತಡವಾದದ್ದಕ್ಕೆ ಬರುತ್ತದೆ. ಇಂಥವು ಶುರುವಾದ ದಿನದಿಂದ ತಾರೀಕು, ಹೊತ್ತು, ಯಾರು ಏನು ಹೇಳಿದರು, ಎದುರಿಗೆ ಯಾರಿದ್ದರು ಎಂದು ಬರೆದಿಡಬೇಕು. ಅದನ್ನು ಸ್ವಂತ ಇಮೇಲಿನಿಂದ ತನಗೆ ತಾನೇ ಕಳಿಸಿಕೊಂಡರೆ ಬರೆದ ತಾರೀಕಿಗೆ ಪುರಾವೆಯೂ ಸಿಗುತ್ತದೆ. ಮೆಮೊಗೆ ಬಾಯಿಮಾತಿನಲ್ಲಿ ಸಮಜಾಯಿಷಿ ಕೊಡಬಾರದು. ಗಡುವಿನೊಳಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು.

ಈ ಇಡೀ ಕ್ರಮ ತಲೆಕೆಳಗಾಗುವ ಒಂದು ಸಂದರ್ಭವಿದೆ. ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದವರು ಭೇಟಿಗೆ ಕರೆದು, ಫೋಟೊ ತೆಗೆದು, ದುಡ್ಡು ಕೊಡದಿದ್ದರೆ ನಿಮ್ಮ ಆಫೀಸಿಗೆ ಕಳಿಸುತ್ತೇವೆ ಎನ್ನುವ ಸುಲಿಗೆ ಚಿಕ್ಕ ಊರುಗಳಿಗೂ ಬಂದಿದೆ. ಹೀಗಾದಾಗ ಒಂದು ವರ್ಷ ಕಾಯುವ ಮಾತಿಲ್ಲ. ಒಮ್ಮೆ ದುಡ್ಡು ಕೊಟ್ಟರೆ ಅವರು ಮತ್ತೆ ಬರುತ್ತಾರೆ. ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು, ಅದೇ ದಿನ ನಂಬಿಕೆಯ ಒಬ್ಬರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ದೂರು ಕೊಡಬೇಕು. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆ ಅಪರಾಧ, ಅಪರಾಧಿ ಬೆದರಿಸಿದವನು. ಆಫೀಸಿಗೆ ಫೋಟೊ ಬರುವ ಸಾಧ್ಯತೆ ನಿಜವಾಗಿದ್ದರೆ ಮೇಲಧಿಕಾರಿಗೆ ತಾನೇ ಮೊದಲು ಹೋಗಿ, "ನನ್ನನ್ನು ಹೆದರಿಸಿ ಹಣ ಕೇಳುತ್ತಿದ್ದಾರೆ, ದೂರು ಕೊಟ್ಟಿದ್ದೇನೆ" ಎಂದಷ್ಟು ಹೇಳಬೇಕು. ಉಳಿದ ವಿವರ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ 1999ರಿಂದ ಕೆಲಸ ಮಾಡುತ್ತಿರುವ ಸಂಗಮದಂಥ ಸಂಸ್ಥೆಗಳಿಗೆ ಇಂಥ ಪ್ರಕರಣಗಳ ಅನುಭವವಿದೆ.

ಇಲ್ಲಿಯವರೆಗೆ ಹೇಳಿದ್ದು ಗಂಡಸಿನ ಮಾತು. ಹೆಣ್ಣುಮಕ್ಕಳಿಗೆ ಅಪಾಯ ಇರುವ ಜಾಗವೇ ಬೇರೆ. ಸುದ್ದಿ ಮನೆಗೆ ಹೋದರೆ ಮಗನಿಗೆ ಅತ್ತು ಕರೆದು ಬುದ್ಧಿ ಹೇಳುವ ಮನೆಯವರೇ ಮಗಳಿಗೆ ಕೆಲಸ ಬಿಡಿಸುತ್ತಾರೆ, ಫೋನು ಕಿತ್ತುಕೊಳ್ಳುತ್ತಾರೆ, ತಿಂಗಳೊಳಗೆ ಮದುವೆ ಮಾಡುತ್ತಾರೆ. ಕೂಡಿಹಾಕಿದ ಮಗಳನ್ನು ಬಿಡಿಸಲು ಸಂಗಾತಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ ಪ್ರಕರಣಗಳು ದೇಶದ ಹಲವು ಕಡೆ ನಡೆದಿವೆ. ಆದ್ದರಿಂದ ಅಪ್ಪನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವ ಮಹಿಳೆ ಮೊದಲು ಬೇರೆ ವಾಸದ ದಾರಿ ಮಾಡಿಕೊಂಡು, ಆಧಾರ್ ಮತ್ತು ಅಂಕಪಟ್ಟಿಗಳನ್ನು ತನ್ನ ಬಳಿ ಇಟ್ಟುಕೊಂಡು, ಆಮೇಲೆ ಆಫೀಸಿನಲ್ಲಿ ಬಾಯಿ ತೆರೆಯಬೇಕು. ಅವಳಿಗೆ ಗಂಡಸಿಗಿಲ್ಲದ ಒಂದು ರಕ್ಷಣೆಯೂ ಇದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ವಿಷಯ ಗೊತ್ತಾದ ಮೇಲೆ ಯಾರಾದರೂ ಅಶ್ಲೀಲವಾಗಿ ಮಾತಾಡಿದರೆ ಅಲ್ಲಿ ದೂರು ಕೊಡಬಹುದು. ಕಿರುಕುಳ ಕೊಟ್ಟವರು ಹೆಂಗಸೇ ಆಗಿದ್ದರೂ ದೂರು ನಡೆಯುತ್ತದೆ ಎಂದು ಕಲ್ಕತ್ತಾ ಹೈಕೋರ್ಟ್ 2020ರಲ್ಲಿ ಹೇಳಿದೆ. ಗಂಡಸು ಆ ಕಾಯ್ದೆಯಡಿ ದೂರು ಕೊಡಲಾರ.

ಟ್ರಾನ್ಸ್‌ಜೆಂಡರ್ ನೌಕರರಿಗೆ 2019ರ ಕಾಯ್ದೆ ಇದೆ. ಉದ್ಯೋಗದಲ್ಲಿ ಭೇದ ಮಾಡುವುದನ್ನು ಅದು ಖಾಸಗಿ ಸಂಸ್ಥೆಗಳಲ್ಲೂ ನಿಷೇಧಿಸುತ್ತದೆ, ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. ಆದರೆ ದಾಖಲೆಯಲ್ಲಿ ಹೆಸರು ಬದಲಾಗಬೇಕಾದ್ದರಿಂದ ಒಬ್ಬೊಬ್ಬರಿಗೇ ಹೇಳುತ್ತ ಹೋಗುವ ಅವಕಾಶ ಅವರಿಗಿಲ್ಲ. ಅದು ಬೇರೆಯೇ ಬರಹಕ್ಕೆ ಬೇಕಾದಷ್ಟು ದೊಡ್ಡ ವಿಷಯ.

ಕೊನೆಯದಾಗಿ, ಬಾಯಿ ತೆರೆಯದೆಯೂ ವಿಷಯ ಹೊರಬೀಳುವ ಫಾರಂಗಳ ಬಗ್ಗೆ. ಸಿಬ್ಬಂದಿ ವಿಭಾಗದ ಕಾಗದಗಳಲ್ಲಿ ತುರ್ತು ಸಂಪರ್ಕ, ನಾಮಿನಿ, 'ಸಂಬಂಧ' ಎಂಬ ಕಾಲಂಗಳಿರುತ್ತವೆ. ಭವಿಷ್ಯನಿಧಿಯ ನಿಯಮದಂತೆ ಅವಲಂಬಿತ ಅಪ್ಪ ಅಮ್ಮ ಇರುವ ಗಂಡಸು ಕುಟುಂಬದ ಹೊರಗಿನವರನ್ನು ನಾಮಿನಿ ಮಾಡಿದರೆ ಅದು ಊರ್ಜಿತವಲ್ಲ. ಗ್ರಾಚ್ಯುಟಿಗೂ ಕುಟುಂಬದವರೇ ಆಗಬೇಕು. ಹಾಗಿರುವಾಗ ಆ ಫಾರಂಗಳಲ್ಲಿ ಜೊತೆಗಾರನ ಹೆಸರು ಬರೆದರೆ ವಿಷಯ ಗುಮಾಸ್ತರ ಕಣ್ಣಿಗೆ ಬೀಳುತ್ತದೆಯೇ ಹೊರತು ಅವನಿಗೆ ಹಣ ಸಿಗುವುದಿಲ್ಲ. ಜೊತೆಗಾರನಿಗೆ ಏನಾದರೂ ಉಳಿಸಬೇಕೆಂದರೆ ದಾರಿ ಆಫೀಸಿನ ಹೊರಗಿದೆ. ಸಲಿಂಗಿ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಪರಸ್ಪರ ನಾಮಿನಿ ಆಗಲು ಯಾವ ಅಡ್ಡಿಯೂ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಆ ಖಾತೆಯನ್ನು ತಾನು ಕೆಲಸ ಮಾಡದ ಬ್ಯಾಂಕಿನಲ್ಲಿ ತೆರೆಯಬೇಕು. ಸ್ವಯಾರ್ಜಿತ ಆಸ್ತಿಗೆ ಉಯಿಲು ಬರೆಯಬಹುದು. ಅದಕ್ಕೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆಸ್ತಿ ಪಡೆಯುವ ಜೊತೆಗಾರನೇ ಸಾಕ್ಷಿ ಹಾಕಬಾರದು. ಆಡಿಟ್ ವಿಭಾಗದ ಆ ಮೇಡಂ ಒಪ್ಪಿದರೆ, ಒಂದು ಸಹಿ ಅವರದಾಗಬಹುದು.